ಗಾಡಿ ಹೊರಡುವ ಮುಂಚೆ ಒಂದು ಮೇಲ್

"ಸರ್, ನನಗೆ ಇ-ವೇ ಬಿಲ್ ಪಾಸ್‌ವರ್ಡ್ ಬೇಕಿತ್ತು. ದಯವಿಟ್ಟು ಬೇಗ ಕೊಡಿ, ಅರ್ಜೆಂಟ್."

ಇಂಥ ಮೇಲ್‌ಗಳು ಸಣ್ಣ ಕಾರ್ಖಾನೆಗಳ ಆಫೀಸಿನಲ್ಲಿ ದಿನವೂ ಹುಟ್ಟುತ್ತವೆ, ಮ್ಯಾನೇಜರ್‌ನ ಇನ್‌ಬಾಕ್ಸಿನಲ್ಲಿ ಕೂರುತ್ತವೆ. ಬರೆದವರಿಗೆ ಕೆಲಸ ವಹಿಸಿದ್ದೂ ಅದೇ ಮ್ಯಾನೇಜರ್. ಹೀಗಿದ್ದೂ ಆ ಕೆಲಸಕ್ಕೆ ಬೇಕಾದ ಲಾಗಿನ್ ಕೈಗೆ ಸಿಗಲು ವಾರ ಹಿಡಿಯುತ್ತದೆ. ಇದಕ್ಕೆ ಮ್ಯಾನೇಜರ್‌ನ ಸೋಮಾರಿತನವೇ ಕಾರಣ ಎಂದು ಕೆಳಗಿನವರು ಅಂದುಕೊಳ್ಳುತ್ತಾರೆ. ಕೆಲವೊಮ್ಮೆ ಅದು ನಿಜವೂ ಇರಬಹುದು. ಆದರೆ ಬಹಳ ಸಲ ತೊಂದರೆ ಇರುವುದು ಮೇಲ್‌ನಲ್ಲೇ. ಅದನ್ನು ಓದಿದವನಿಗೆ ಯಾರು, ಎಲ್ಲಿ, ಯಾವ ಗುಂಡಿ ಒತ್ತಬೇಕು ಎಂಬುದೇ ತಿಳಿಯುವುದಿಲ್ಲ.

ಒಂದು ಉದಾಹರಣೆಯನ್ನು ಹಿಡಿದು ನೋಡಬಹುದು. ಬೆಂಗಳೂರಿನ ಪೀಣ್ಯದಲ್ಲಿ ಪಂಪಿನ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆ ಇದೆ ಎಂದುಕೊಳ್ಳಿ. ಡಿಸ್ಪ್ಯಾಚ್ ವಿಭಾಗಕ್ಕೆ ಹೊಸದಾಗಿ ಸೇರಿದ ಸಹಾಯಕಿಗೆ ಅಕೌಂಟ್ಸ್ ಮ್ಯಾನೇಜರ್ ಒಂದು ಕೆಲಸ ಒಪ್ಪಿಸಿದ್ದಾರೆ: ಸಂಜೆ ಹೊರಡುವ ಗಾಡಿಗಳಿಗೆ ಇ-ವೇ ಬಿಲ್ ಮಾಡುವುದು. ಇಷ್ಟು ದಿನ ಆ ಕೆಲಸ ನಡೆದದ್ದು ಮಾಲೀಕರ ಹೆಸರಿನ ಒಂದೇ ಲಾಗಿನ್‌ನಲ್ಲಿ. ಪಾಸ್‌ವರ್ಡ್ ಕಂಪ್ಯೂಟರಿನ ಪಕ್ಕದಲ್ಲಿ ಹಳದಿ ಚೀಟಿಯ ಮೇಲೆ ಅಂಟಿಕೊಂಡಿತ್ತು. ಯಾರು ಬೇಕಾದರೂ ಕೂತು ಬಿಲ್ ಮಾಡಬಹುದಿತ್ತು, ಮಾಡುತ್ತಲೂ ಇದ್ದರು.

ಇ-ವೇ ಬಿಲ್ ಎಂದರೆ ಸರಕು ಸಾಗಣೆಗೆ ಆನ್‌ಲೈನ್‌ನಲ್ಲಿ ಪಡೆಯುವ ರಹದಾರಿ. ಸಾಮಾನ್ಯವಾಗಿ ತೆರಿಗೆ ಸೇರಿ 50,000 ರೂಪಾಯಿ ಮೀರಿದ ಸರಕು ಗಾಡಿ ಹತ್ತುವ ಮುಂಚೆ ಇದು ಸಿದ್ಧವಾಗಿರಬೇಕು. ಕರ್ನಾಟಕದವರಿಗೆ ಇದು ಅಷ್ಟೇನೂ ಹೊಸದಲ್ಲ. ವ್ಯಾಟ್ ಕಾಲದಲ್ಲೇ ಇಲ್ಲಿ ವಾಣಿಜ್ಯ ತೆರಿಗೆ ಇಲಾಖೆಯ ಇ-ಸುಗಮ ಇತ್ತು. ಜಿಎಸ್‌ಟಿ ಬಂದ ಮೇಲೆ ಹೊಸ ಇ-ವೇ ಬಿಲ್ ವ್ಯವಸ್ಥೆಯನ್ನು ಮೊದಲು ಬಳಸಿ ನೋಡಿದ ರಾಜ್ಯವೂ ಕರ್ನಾಟಕವೇ, ಅದು 2017ರ ಸೆಪ್ಟೆಂಬರ್‌ನಲ್ಲಿ. 2018ರ ಫೆಬ್ರವರಿ 1ರಂದು ದೇಶದಾದ್ಯಂತ ಜಾರಿಗೆ ತರಲು ಹೊರಟಾಗ ಪೋರ್ಟಲ್ ಭಾರ ತಾಳದೆ ಕುಸಿಯಿತು. ಕೊನೆಗೆ ಅದೇ ವರ್ಷ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಶುರುವಾಯಿತು. ಅಂದೇ ರಾಜ್ಯದೊಳಗಿನ ಸಾಗಣೆಗೂ ಅದನ್ನು ಅನ್ವಯಿಸಿದ್ದು ಕರ್ನಾಟಕ ಮಾತ್ರ.

ಹಳದಿ ಚೀಟಿಯ ಕಾಲ ಮುಗಿದದ್ದು 2025ರಲ್ಲಿ. ಪೋರ್ಟಲ್‌ಗೆ ಲಾಗಿನ್ ಆಗಲು ಪಾಸ್‌ವರ್ಡ್ ಜೊತೆಗೆ ಒಟಿಪಿಯೂ ಕಡ್ಡಾಯವಾಯಿತು. 20 ಕೋಟಿ ಮೀರಿದ ವಹಿವಾಟಿನವರಿಗೆ ಜನವರಿ 1ರಿಂದ, 5 ಕೋಟಿ ಮೀರಿದವರಿಗೆ ಫೆಬ್ರವರಿ 1ರಿಂದ, ಉಳಿದ ಎಲ್ಲರಿಗೂ ಏಪ್ರಿಲ್ 1ರಿಂದ. ಒಟಿಪಿ ಹೋಗುವುದು ಆ ಲಾಗಿನ್‌ಗೆ ಜೋಡಿಸಿದ ಮೊಬೈಲ್‌ಗೆ, ಅಂದರೆ ಮಾಲೀಕರ ಜೇಬಿಗೆ. ಅವರು ದೆಹಲಿಯ ವಿಮಾನದಲ್ಲಿದ್ದರೆ, ಮದುವೆ ಮನೆಯ ಗದ್ದಲದಲ್ಲಿ ಫೋನ್ ಕೇಳಿಸದಿದ್ದರೆ, ಪಾಸ್‌ವರ್ಡ್ ಗೊತ್ತಿದ್ದೂ ಪ್ರಯೋಜನವಿಲ್ಲ. ಲೋಡ್ ಆದ ಗಾಡಿ ಗೇಟಿನೊಳಗೇ ನಿಲ್ಲುತ್ತದೆ. ಡ್ರೈವರ್ ಎರಡನೇ ಸಲ ಟೀ ಕುಡಿದು ಬರುತ್ತಾನೆ, ಮೂರನೇ ಸಲ ಟ್ರಾನ್ಸ್‌ಪೋರ್ಟ್ ಆಫೀಸಿನಿಂದ ಫೋನ್ ಬರುತ್ತದೆ.

ಸಹಾಯಕಿಯ ಮೇಲ್‌ಗೆ ಹಿನ್ನೆಲೆ ಇದು. ಆಕೆ ಕೇಳಿದ್ದು ಪಾಸ್‌ವರ್ಡ್. ಅದನ್ನು ಕೊಟ್ಟರೂ ಆಕೆಯ ಕೆಲಸ ಆಗುವುದಿಲ್ಲ, ಏಕೆಂದರೆ ಒಟಿಪಿ ಆಕೆಯ ಫೋನಿಗೆ ಬರುವುದಿಲ್ಲ. ಕೇಳಬೇಕಾದದ್ದು ಬೇರೆಯೇ ಇದೆ. ಅದಕ್ಕೆ ಪೋರ್ಟಲ್ ಇಟ್ಟಿರುವ ಹೆಸರು ಸಬ್-ಯೂಸರ್. ಕಂಪನಿಯ ಮುಖ್ಯ ಲಾಗಿನ್‌ನ ಕೆಳಗೆ ಒಬ್ಬೊಬ್ಬ ನೌಕರನಿಗೂ ಅವನದೇ ಐಡಿ, ಅವನದೇ ಮೊಬೈಲ್, ಅವನದೇ ಒಟಿಪಿ. ಯಾರಿಗೆ ಯಾವ ಕೆಲಸ ಮಾಡಲು ಬಿಡಬೇಕು ಎಂಬುದನ್ನು ಮುಖ್ಯ ಲಾಗಿನ್‌ನವರೇ ಗುರುತು ಹಾಕಿ ನಿಗದಿ ಮಾಡುತ್ತಾರೆ. ಇದಕ್ಕೆ ಪೋರ್ಟಲ್‌ನಲ್ಲಿ ಬೇರೆ ಅರ್ಜಿ ಇಲ್ಲ, ಇಲಾಖೆಗೆ ಅಲೆಯಬೇಕಿಲ್ಲ. ಮಾಲೀಕರು ಕೂತರೆ ಚಹಾ ಆರುವಷ್ಟರಲ್ಲಿ ಆಗುವ ಕೆಲಸ.

ಹಾಗಿದ್ದರೆ ಮಾಲೀಕರು ಏಕೆ ಕೂರುವುದಿಲ್ಲ?

ಅವರ ಕಡೆಯಿಂದಲೂ ಇದನ್ನು ನೋಡಬೇಕು. ಇ-ವೇ ಬಿಲ್ ಎಂಬುದು ಕಂಪನಿಯ ಜಿಎಸ್‌ಟಿ ಸಂಖ್ಯೆಯ ಮೇಲೆ ಸರ್ಕಾರದ ದಾಖಲೆಯಲ್ಲಿ ಬೀಳುವ ಒಂದು ಹೇಳಿಕೆ: ಇಷ್ಟು ಸರಕು, ಇಷ್ಟು ಬೆಲೆಗೆ, ಇಂಥವರಿಗೆ ಹೋಯಿತು. ಸರಕೇ ಇಲ್ಲದೆ ಬಿಲ್ ಮಾತ್ರ ಓಡಾಡಿಸಿ ತೆರಿಗೆ ವಾಪಸ್ ಪಡೆಯುವ ವಂಚನೆಗಳಲ್ಲಿ ಸುಳ್ಳು ಇ-ವೇ ಬಿಲ್ಲುಗಳೂ ಇರುತ್ತವೆ. ಹಾಗಾಗಿ ಈ ಲಾಗಿನ್ ಯಾರ ಕೈಯಲ್ಲಿದೆ ಎಂಬ ಚಿಂತೆ ಮಾಲೀಕರಿಗೆ ಇರುವುದು ಸಹಜ. ತಪ್ಪು ಪ್ರಾಮಾಣಿಕವಾಗಿದ್ದರೂ ಬೆಲೆ ತೆರಬೇಕಾದೀತು. ಒಂದು ಬಿಲ್ಲಿನ ಲೆಕ್ಕ ಹಾಕಿ ನೋಡೋಣ. ಪೀಣ್ಯದಿಂದ ದಾವಣಗೆರೆಗೆ 1,80,000 ರೂಪಾಯಿಯ ಸರಕು ಹೊರಟಿದೆ. ಶೇಕಡಾ 18ರ ತೆರಿಗೆ ಎಂದರೆ 32,400 ರೂಪಾಯಿ. ಇ-ವೇ ಬಿಲ್ ಇಲ್ಲದೆ ದಾರಿಯಲ್ಲಿ ಸಿಕ್ಕಿಬಿದ್ದರೆ ಅಧಿಕಾರಿಗಳು ಜಿಎಸ್‌ಟಿ ಕಾಯ್ದೆಯ 129ನೇ ಸೆಕ್ಷನ್ ಪ್ರಕಾರ ಗಾಡಿಯನ್ನೂ ಸರಕನ್ನೂ ತಡೆಹಿಡಿಯಬಹುದು. ಸರಕಿನ ಮಾಲೀಕರೇ ಮುಂದೆ ಬಂದು ಬಿಡಿಸಿಕೊಳ್ಳುವುದಾದರೆ ದಂಡ ತೆರಿಗೆಯ ಎರಡು ಪಟ್ಟು, ಅಂದರೆ 64,800 ರೂಪಾಯಿ. ಗಾಡಿ ಸಂಖ್ಯೆಯಲ್ಲಿ ಒಂದೆರಡು ಅಂಕಿ ತಪ್ಪಿದಂಥ ಸಣ್ಣ ಲೋಪಗಳಿಗೆ ಇಷ್ಟು ಕಠಿಣವಾಗಬಾರದೆಂದು 2018ರ ಸೆಪ್ಟೆಂಬರ್‌ನಲ್ಲಿ ಸುತ್ತೋಲೆ ಬಂತು. ಅಂಥವಕ್ಕೆ ಕೇಂದ್ರದ ಲೆಕ್ಕದಲ್ಲಿ 500, ರಾಜ್ಯದ ಲೆಕ್ಕದಲ್ಲಿ 500, ಒಟ್ಟು 1,000 ರೂಪಾಯಿ ದಂಡ. ಆದರೆ ಯಾವುದು ಸಣ್ಣ ತಪ್ಪು ಎಂಬ ವಾದ ನಡೆಯುವುದು ರಸ್ತೆ ಬದಿಯಲ್ಲಿ, ರಾತ್ರಿ ಹೊತ್ತಿನಲ್ಲಿ.

ಇದೆಲ್ಲ ಮಾಲೀಕರ ತಲೆಯಲ್ಲಿ ಇರುವಾಗ "ಪಾಸ್‌ವರ್ಡ್ ಬೇಕು, ಅರ್ಜೆಂಟ್" ಎಂಬ ಸಾಲು ಕಣ್ಣಿಗೆ ಬಿದ್ದರೆ ಅವರ ಮೊದಲ ಪ್ರತಿಕ್ರಿಯೆ "ನೋಡೋಣ". ಮಧ್ಯದಲ್ಲಿರುವ ಅಕೌಂಟ್ಸ್ ಮ್ಯಾನೇಜರ್‌ನ ಸ್ಥಿತಿ ಇನ್ನೂ ಇಕ್ಕಟ್ಟಿನದು. ಸಬ್-ಯೂಸರ್ ಮಾಡುವ ಅಧಿಕಾರ ಅವರಿಗೂ ಇಲ್ಲ, ಮುಖ್ಯ ಲಾಗಿನ್ ಇರುವುದು ಮಾಲೀಕರ ಬಳಿ. ಅವರು ಮಾಡಬಹುದಾದದ್ದು ಮೇಲ್ ಅನ್ನು ಮುಂದಕ್ಕೆ ಕಳಿಸುವುದು ಮಾತ್ರ. ಈ ಮೇಲ್ ಮುಂದಕ್ಕೆ ಕಳಿಸುವ ಹಾಗಿಲ್ಲ. ಕಳಿಸಿದರೆ ಮಾಲೀಕರು ಹತ್ತು ಪ್ರಶ್ನೆ ಕೇಳುತ್ತಾರೆ: ಯಾರಿಗೆ? ಯಾಕೆ? ಯಾವ ನಂಬರ್? ಎಲ್ಲವನ್ನೂ ಮಾಡಲು ಬಿಡಬೇಕೇ? ಉತ್ತರ ತಿಳಿದುಕೊಂಡು ಬರೆಯೋಣ ಎಂದು ಮ್ಯಾನೇಜರ್ ಮೇಲ್ ಅನ್ನು ಪಕ್ಕಕ್ಕಿಡುತ್ತಾರೆ. ಪಕ್ಕಕ್ಕಿಟ್ಟದ್ದು ಕೆಳಗೆ ಜಾರುತ್ತದೆ, ಸಂಜೆ ಹೊತ್ತಿಗೆ ಪರದೆಯಿಂದಲೇ ಮಾಯವಾಗುತ್ತದೆ.

ಹಾಗಾಗಿ ಇಂಥ ಮೇಲ್ ಬರೆಯುವವರು ಮೊದಲು ನೋಡಬೇಕಾದದ್ದು ಮಾಲೀಕರ ಪರದೆ. ಅವರು ತುಂಬಬೇಕಾದ ಫಾರಂನಲ್ಲಿ ಏನೇನು ಖಾನೆ ಇದೆಯೋ ಅಷ್ಟೂ ಮೇಲ್‌ನಲ್ಲಿ ಇದ್ದರೆ ಮ್ಯಾನೇಜರ್ ಒಂದು ಸಾಲು ಸೇರಿಸಿ ಕಳಿಸಬಹುದು, ಮಾಲೀಕರು ನೋಡಿಕೊಂಡು ತುಂಬಬಹುದು. ಆ ಪರದೆ ಹೀಗಿದೆ. ಮುಖ್ಯ ಲಾಗಿನ್‌ನಲ್ಲಿ ಒಳಹೋದ ಮೇಲೆ ಎಡಗಡೆಯ ಪಟ್ಟಿಯಲ್ಲಿ `User Management` ಎಂಬುದಿದೆ, ಅದರೊಳಗೆ `Create Sub-User`. ಮೊದಲು ಕೇಳುವುದು ಹೊಸಬರ ಮೊಬೈಲ್ ಸಂಖ್ಯೆ. ಅದಕ್ಕೆ ಹೋದ ಒಟಿಪಿಯನ್ನು ಅಲ್ಲೇ ತುಂಬಬೇಕು. ಅಂದರೆ ಆ ಹೊತ್ತಿನಲ್ಲಿ ಸಹಾಯಕಿ ಫೋನಿನ ಬಳಿ ಇರಲೇಬೇಕು. ನಂತರ ಐಡಿಯ ಕೊನೆಗೆ ಸೇರಿಸುವ ಪುಟ್ಟ ಗುರುತು, ಹೆಸರು, ಹುದ್ದೆ, ಇ-ಮೇಲ್. ಆಮೇಲೆ ಎಲ್ಲ ಶಾಖೆಗಳಿಗೂ ಈ ಐಡಿ ಸಲ್ಲಬೇಕೇ, ಒಂದಕ್ಕೆ ಮಾತ್ರವೇ ಎಂಬ ಪ್ರಶ್ನೆ. ಕೊನೆಯಲ್ಲಿ ಕೆಲಸಗಳ ಪಟ್ಟಿ. ಇ-ವೇ ಬಿಲ್ ಮಾಡುವುದು, ಹಲವು ಬಿಲ್ಲುಗಳನ್ನು ಸೇರಿಸಿ ಒಂದು ಮಾಡುವುದು, ಬೇರೆಯವರು ನಮ್ಮ ಹೆಸರಿಗೆ ಮಾಡಿದ ಬಿಲ್ಲನ್ನು ತಿರಸ್ಕರಿಸುವುದು, ವರದಿ ತೆಗೆಯುವುದು, ಗ್ರಾಹಕರು ಮತ್ತು ಸರಕುಗಳ ಮಾಸ್ಟರ್ ಪಟ್ಟಿ ತಿದ್ದುವುದು, ಹೀಗೆ. ಬೇಕಾದ್ದಕ್ಕೆ ಗುರುತು ಹಾಕಿದರೆ ಮುಗಿಯಿತು.

ಈ ಖಾನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಸಹಾಯಕಿ ಮತ್ತೆ ಬರೆದರೆ ಮೇಲ್ ಹೀಗಿರುತ್ತದೆ:

ವಿಷಯ: ಇ-ವೇ ಬಿಲ್ ಸಬ್-ಯೂಸರ್ ಐಡಿ ಬೇಕು – ಪೀಣ್ಯ ಡಿಸ್ಪ್ಯಾಚ್, ಸೋಮವಾರದೊಳಗೆ

"ಸರ್, ನಮಸ್ಕಾರ.

ಮುಂದಿನ ಸೋಮವಾರದಿಂದ ಸಂಜೆ ಹೊರಡುವ ಲೋಡುಗಳಿಗೆ ಇ-ವೇ ಬಿಲ್ ಮಾಡಲು ನೀವು ನನಗೆ ಹೇಳಿದ್ದೀರಿ. ಪೋರ್ಟಲ್‌ನಲ್ಲಿ ನನ್ನ ಹೆಸರಿನ ಐಡಿ ಇಲ್ಲ. ಓನರ್ ಸರ್ ಲಾಗಿನ್ ಬಳಸಿದರೆ ಒಟಿಪಿ ಅವರ ಫೋನಿಗೆ ಹೋಗುತ್ತದೆ. ಅವರು ಸಿಗದಿದ್ದರೆ ಗಾಡಿ ನಿಲ್ಲಿಸಬೇಕಾಗುತ್ತದೆ.

ಓನರ್ ಸರ್ ತಮ್ಮ ಲಾಗಿನ್‌ನಿಂದ ನನಗೆ ಸಬ್-ಯೂಸರ್ ಐಡಿ ಮಾಡಿಕೊಡಬಹುದು. User Management ಒಳಗೆ Create Sub-User. ಬೇಕಾದ ವಿವರಗಳು: ನನ್ನ ಹೆಸರು ಮತ್ತು ಆಫೀಸಿನ ಮೊಬೈಲ್ ಸಂಖ್ಯೆ ಕೆಳಗಿವೆ. ಹುದ್ದೆ, ಡಿಸ್ಪ್ಯಾಚ್ ಅಸಿಸ್ಟೆಂಟ್. ಶಾಖೆ, ಪೀಣ್ಯ ಮಾತ್ರ. ಅನುಮತಿ ಎರಡಕ್ಕೆ ಸಾಕು: ಇ-ವೇ ಬಿಲ್ ಮಾಡುವುದು, ವರದಿ ನೋಡುವುದು. ಬಿಲ್ ತಿರಸ್ಕರಿಸುವುದು, ಮಾಸ್ಟರ್ ತಿದ್ದುವುದು ನನ್ನ ಕೆಲಸಕ್ಕೆ ಬೇಕಾಗುವುದಿಲ್ಲ.

ಐಡಿ ಮಾಡುವಾಗ ನನ್ನ ಫೋನಿಗೆ ಒಟಿಪಿ ಬರುತ್ತದೆ. ಇವತ್ತು ಮತ್ತು ನಾಳೆ ಬೆಳಿಗ್ಗೆ 10ರಿಂದ 1ರವರೆಗೆ ಸೀಟಿನಲ್ಲೇ ಇರುತ್ತೇನೆ, ಫೋನ್ ಮಾಡಿದರೆ ತಕ್ಷಣ ಹೇಳುತ್ತೇನೆ.

ಸೋಮವಾರದೊಳಗೆ ಆಗದಿದ್ದರೆ, ಓನರ್ ಸರ್ ಮಧ್ಯಾಹ್ನವೇ ಭಾಗ-ಎ ತುಂಬಿ ಟ್ರಾನ್ಸ್‌ಪೋರ್ಟಿನವರಿಗೆ ವಹಿಸಿಕೊಟ್ಟರೆ, ಗಾಡಿ ನಂಬರ್ ಅವರೇ ಸೇರಿಸಿಕೊಳ್ಳುತ್ತಾರೆ. ಹಾಗೆ ಮಾಡೋಣವೇ ಎಂದು ತಿಳಿಸಿ.

ವಂದನೆಗಳು."

ಉದ್ದವಾಯಿತು ಎನ್ನುವವರು ಇರುತ್ತಾರೆ. ಆದರೆ ಇದರಲ್ಲಿ ತೆಗೆದುಹಾಕಬಹುದಾದ ಸಾಲು ಕಡಿಮೆ. ವಿಷಯದ ಸಾಲಿನಲ್ಲೇ ಏನು, ಎಲ್ಲಿಗೆ, ಯಾವಾಗ ಎಂಬುದಿದೆ. "ಅರ್ಜೆಂಟ್" ಎಂಬ ಪದ ಇಲ್ಲ, ಅದರ ಜಾಗದಲ್ಲಿ ವಾರದ ಹೆಸರಿದೆ. ಆಫೀಸಿನಲ್ಲಿ ಎಲ್ಲವೂ ಅರ್ಜೆಂಟೇ ಆದ್ದರಿಂದ ಆ ಪದಕ್ಕೆ ಈಗ ಯಾರೂ ಬೆಚ್ಚುವುದಿಲ್ಲ. ಸೋಮವಾರ ಎಂದರೆ ಬೆಚ್ಚುತ್ತಾರೆ.

ಮೊದಲ ಸಾಲು "ನೀವು ಹೇಳಿದ್ದೀರಿ" ಎಂದು ನೆನಪಿಸುವುದೂ ಸುಮ್ಮನೆ ಅಲ್ಲ. ಮ್ಯಾನೇಜರ್ ಇದನ್ನು ಮಾಲೀಕರಿಗೆ ಕಳಿಸಿದಾಗ, ಹುಡುಗಿ ತಾನಾಗಿ ಕೇಳುತ್ತಿಲ್ಲ, ವಹಿಸಿದ ಕೆಲಸಕ್ಕೆ ಕೇಳುತ್ತಿದ್ದಾಳೆ ಎಂಬುದು ಅಲ್ಲೇ ಸಿಗುತ್ತದೆ. ಮ್ಯಾನೇಜರ್ ಸೇರಿಸಬೇಕಾದ ಸಾಲು ಒಂದೇ: "ಸರ್, ನಾನು ಹೇಳಿದ ಕೆಲಸಕ್ಕೇ ಇದು, ದಯವಿಟ್ಟು ಮಾಡಿಕೊಡಿ."

ಈ ಮೇಲ್‌ನ ಅತಿ ಜಾಣತನದ ಸಾಲು ಯಾವುದೆಂದರೆ ಬೇಡದ್ದನ್ನು ಬೇಡ ಎಂದು ಬರೆದಿರುವುದು. ಕೇಳುವವರು ಸಾಮಾನ್ಯವಾಗಿ ಹೆಚ್ಚೇ ಕೇಳುತ್ತಾರೆ, ಮುಂದೆ ಎಂದಾದರೂ ಬೇಕಾದೀತು ಎಂದು. ಕೊಡುವವರು ಒಂದೋ ಎಲ್ಲಕ್ಕೂ ಗುರುತು ಹಾಕಿಬಿಡುತ್ತಾರೆ, ಇಲ್ಲವೇ ಹೆದರಿ ಏನನ್ನೂ ಕೊಡುವುದಿಲ್ಲ. ಬಿಲ್ ತಿರಸ್ಕರಿಸುವ ಅಧಿಕಾರವನ್ನೇ ನೋಡಿ. ಬೇರೆ ವ್ಯಾಪಾರಿ ನಮ್ಮ ಜಿಎಸ್‌ಟಿ ಸಂಖ್ಯೆಗೆ ಬಿಲ್ ಮಾಡಿದ್ದರೆ, ಆ ಸರಕು ನಮ್ಮದಲ್ಲ ಎನ್ನಲು ಇರುವ ಅವಧಿ ಸಾಮಾನ್ಯವಾಗಿ 72 ಗಂಟೆ. ಅದು ಖರೀದಿ ವಿಭಾಗದವರು ಗೋದಾಮಿನ ರಶೀದಿ ನೋಡಿ ತೀರ್ಮಾನಿಸುವ ವಿಷಯ. ಡಿಸ್ಪ್ಯಾಚ್‌ನವರು ಕೈತಪ್ಪಿ ಅದನ್ನು ಒತ್ತಿದರೆ ಮಾಲು ಕಳಿಸಿದವನಿಗೂ ಇವರಿಗೂ ಜಗಳ ಗ್ಯಾರಂಟಿ. ಒಬ್ಬನಿಗೆ ಅವನ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅನುಮತಿ ಕೊಡಬೇಕೆಂಬ ಈ ನಿಯಮವನ್ನು ಕಂಪ್ಯೂಟರ್ ಲೋಕದಲ್ಲಿ ಸ್ಪಷ್ಟವಾಗಿ ಬರೆದಿಟ್ಟವರಲ್ಲಿ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ ಮುಖ್ಯರು. ಅವರ ಪ್ರಬಂಧ ಬಂದದ್ದು 1975ರಲ್ಲಿ. ಐವತ್ತು ವರ್ಷ ಕಳೆದರೂ ಎಲ್ಲ ಖಾನೆಗೂ ಗುರುತು ಹಾಕುವ ಬೆರಳುಗಳು ಕಡಿಮೆಯಾಗಿಲ್ಲ.

ಮೊಬೈಲ್ ಸಂಖ್ಯೆಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೇಲ್‌ನಲ್ಲಿ "ಆಫೀಸಿನ ಮೊಬೈಲ್" ಎಂದಿರುವುದನ್ನು ಗಮನಿಸಿ. ಸ್ವಂತ ನಂಬರ್ ಕೊಟ್ಟರೆ ಐಡಿ ಆಗುತ್ತದೆ, ಆದರೆ ರಜೆಯ ದಿನವೂ ಫೋನ್ ರಿಂಗಾಗುತ್ತದೆ: "ಒಂದು ಒಟಿಪಿ ಬಂದಿದೆ ನೋಡಮ್ಮ, ಹೇಳು." ಆಗ ಹಳದಿ ಚೀಟಿ ಹೋದ ಬಾಗಿಲಿನಿಂದಲೇ ಮತ್ತೆ ಒಳಬಂದಂತೆ. ಆಕೆಯ ಹೆಸರಿನ ಐಡಿಯಲ್ಲಿ ಬೇರೆ ಯಾರೋ ಬಿಲ್ ಮಾಡುತ್ತಾರೆ, ತಪ್ಪಾದರೆ ಕೇಳುವುದು ಆಕೆಯನ್ನು. ಹಾಗೆಂದು ಇಬ್ಬರು ಒಂದೇ ಆಫೀಸ್ ಫೋನ್ ಹಂಚಿಕೊಂಡರೂ ಅದೇ ಕಥೆ. ಎರಡು ಪಾಳಿ ಇದ್ದರೆ ಎರಡು ಸಬ್-ಯೂಸರ್ ಕೇಳುವುದೇ ಸರಿ. ಎರಡನೆಯವರ ವಿವರವನ್ನೂ ಅದೇ ಮೇಲ್‌ನಲ್ಲಿ ಸೇರಿಸಿದರೆ ಮಾಲೀಕರು ಎರಡು ಸಲ ಕೂರುವುದು ತಪ್ಪುತ್ತದೆ.

ಮೇಲ್‌ನ ಕೊನೆಯ ಭಾಗದಲ್ಲಿರುವ ತಾತ್ಕಾಲಿಕ ದಾರಿ ಬಹಳ ಜನರಿಗೆ ತಿಳಿದಿರುವುದಿಲ್ಲ. ಇ-ವೇ ಬಿಲ್‌ನಲ್ಲಿ ಎರಡು ಭಾಗ. ಭಾಗ-ಎ ಎಂದರೆ ಸರಕಿನ ವಿವರ: ಬಿಲ್ ಸಂಖ್ಯೆ, ಬೆಲೆ, ಯಾರಿಂದ ಯಾರಿಗೆ. ಭಾಗ-ಬಿ ಎಂದರೆ ಗಾಡಿಯ ವಿವರ. ಸಂಜೆಯವರೆಗೂ ತಿಳಿಯದಿರುವುದು ಗಾಡಿ ನಂಬರ್ ಮಾತ್ರ, ಸರಕಿನ ವಿವರ ಬಿಲ್ ಆದಾಗಲೇ ಸಿದ್ಧ. ಹಾಗಾಗಿ ಮಾಲೀಕರು ಬಿಡುವಿದ್ದಾಗ ಭಾಗ-ಎ ತುಂಬಿ, ಟ್ರಾನ್ಸ್‌ಪೋರ್ಟರ್ ಐಡಿ ನಮೂದಿಸಿ ಬಿಟ್ಟರೆ, ಗಾಡಿ ಬಂದ ಮೇಲೆ ಟ್ರಾನ್ಸ್‌ಪೋರ್ಟಿನವರೇ ಭಾಗ-ಬಿ ತುಂಬಬಹುದು. ಕಾಯಲು ಸಮಯ 15 ದಿನದವರೆಗೆ ಇದೆ. ಭಾಗ-ಬಿ ತುಂಬುವವರೆಗೆ ಮಾತ್ರ ಸಾಮಾನ್ಯವಾಗಿ ಗಾಡಿ ಹೊರಡುವ ಹಾಗಿಲ್ಲ. ಇದನ್ನು ಮೇಲ್‌ನಲ್ಲಿ ಸೂಚಿಸಿದ್ದರಿಂದ ಮ್ಯಾನೇಜರ್‌ಗೆ ಎರಡು ಉತ್ತರಗಳ ದಾರಿ ತೆರೆಯುತ್ತದೆ. ಐಡಿ ಕೊಡಿಸಬಹುದು, ಇಲ್ಲವೇ ಈ ವಾರ ಹೀಗೆ ನಡೆಸೋಣ ಎನ್ನಬಹುದು. ಎರಡರಲ್ಲಿ ಯಾವುದಾದರೂ ಗಾಡಿ ಹೋಗುತ್ತದೆ.

ಐಡಿ ಸಿಕ್ಕಿತು ಎಂದುಕೊಳ್ಳೋಣ. ಮೊದಲ ದಿನವೇ ತೊಂದರೆ ಬರಬಹುದು. ಅದು ಅನುಮತಿಯ ತೊಂದರೆಯೋ ಬೇರೆಯದೋ ಎಂದು ಗುರುತಿಸದೆ ಮತ್ತೊಂದು ಮೇಲ್ ಬರೆದರೆ ಮ್ಯಾನೇಜರ್ ತಪ್ಪು ಜಾಗದಲ್ಲಿ ಹುಡುಕುತ್ತಾರೆ. ಗುರುತಿಸುವುದು ಕಷ್ಟವಲ್ಲ. ಲಾಗಿನ್ ಪುಟದಲ್ಲೇ ನಿಂತುಹೋದರೆ ಐಡಿ, ಪಾಸ್‌ವರ್ಡ್ ಅಥವಾ ಒಟಿಪಿಯ ಸಮಸ್ಯೆ. ಮಾಲೀಕರು ತುಂಬುವಾಗ ಮೊಬೈಲ್ ಸಂಖ್ಯೆ ತಪ್ಪಿದೆಯೇ ನೋಡಬೇಕು. ಒಳಹೋದ ಮೇಲೆ ಬಿಲ್ ಮಾಡುವ ಕೊಂಡಿಯೇ ಕಾಣದಿದ್ದರೆ ಆ ಖಾನೆಗೆ ಗುರುತು ಬಿದ್ದಿಲ್ಲ ಎಂದರ್ಥ. ಮಾಲೀಕರು `Update Sub-User` ಒಳಗೆ ಹೋಗಿ ಸೇರಿಸಬೇಕು. ಎಲ್ಲ ತುಂಬಿ ಕೊನೆಗೆ ಬಿಲ್ ಆಗದೆ ನಿರ್ಬಂಧದ ಸಂದೇಶ ಬಂದರೆ ಅದು ಸಹಾಯಕಿಯ ಐಡಿಯ ವಿಷಯವೇ ಅಲ್ಲ. ಕಂಪನಿ ಎರಡು ತೆರಿಗೆ ಅವಧಿಗಳ ಜಿಎಸ್‌ಟಿಆರ್-3ಬಿ ರಿಟರ್ನ್ ಸತತವಾಗಿ ಸಲ್ಲಿಸದಿದ್ದರೆ ಅದರ ಜಿಎಸ್‌ಟಿ ಸಂಖ್ಯೆಯಿಂದ ಸರಕು ಕಳಿಸಲು ಇ-ವೇ ಬಿಲ್ ಮಾಡದಂತೆ ತಡೆ ಬೀಳುತ್ತದೆ. ಆಗ ಫೋನ್ ಹೋಗಬೇಕಾದದ್ದು ಆಡಿಟರ್‌ಗೆ. ಇದನ್ನು ಅರಿಯದೆ ಹೊಸ ಹುಡುಗಿಗೆ ಐಡಿ ಸರಿಯಾಗಿ ಮಾಡಿಲ್ಲ ಎಂದು ಮಾಲೀಕರು ಮೂರು ಸಲ ಅಳಿಸಿ ಮಾಡಿದರೂ ಬಿಲ್ ಬರುವುದಿಲ್ಲ. ಹಾಗಾಗಿ ಎರಡನೇ ಮೇಲ್‌ನಲ್ಲಿ "ಆಗ್ತಿಲ್ಲ ಸರ್" ಎನ್ನುವ ಬದಲು ಪರದೆಯ ಫೋಟೋ ಒಂದು ಇರಲಿ.

ದಾವಣಗೆರೆಯ ಲೋಡಿಗೇ ಮರಳಿದರೆ, ಶುಕ್ರವಾರ ಸಂಜೆ ಸಹಾಯಕಿ ತನ್ನ ಐಡಿಯಲ್ಲಿ ಬಿಲ್ ಮಾಡುತ್ತಾಳೆ. ಸಾಮಾನ್ಯ ಗಾಡಿಗೆ ಪ್ರತಿ 200 ಕಿಲೋಮೀಟರಿಗೆ ಅಥವಾ ಅದರ ಭಾಗಕ್ಕೆ ಒಂದು ದಿನದ ಲೆಕ್ಕ. ಪೀಣ್ಯದಿಂದ ದಾವಣಗೆರೆ 200 ದಾಟುತ್ತದೆ, 400 ಮುಟ್ಟುವುದಿಲ್ಲ, ಆದ್ದರಿಂದ ಎರಡು ದಿನ. ಮೊದಲ ದಿನ ಮುಗಿಯುವುದು ಬಿಲ್ ಮಾಡಿದ ಮಾರನೆಯ ದಿನದ ಮಧ್ಯರಾತ್ರಿಗೆ. ಹೀಗಾಗಿ ಈ ಬಿಲ್ ಭಾನುವಾರ ಮಧ್ಯರಾತ್ರಿಯವರೆಗೆ ಜೀವಂತ. ಮಾಡಿದ ಮೇಲೆ ಬೆಲೆಯಲ್ಲಿ ತಪ್ಪು ಕಂಡರೆ ತಿದ್ದಲು ಬರುವುದಿಲ್ಲ. 24 ಗಂಟೆಯೊಳಗೆ ರದ್ದು ಮಾಡಿ ಹೊಸದನ್ನು ಮಾಡಬೇಕು, ಅದೂ ದಾರಿಯಲ್ಲಿ ಅಧಿಕಾರಿಗಳು ಪರಿಶೀಲಿಸಿರದಿದ್ದರೆ ಮಾತ್ರ. ಒಟಿಪಿಗಾಗಿ ಮಾಲೀಕರನ್ನು ಹುಡುಕುತ್ತ ಕೂರಬೇಕಾದ ಆಫೀಸಿನಲ್ಲಿ ಈ 24 ಗಂಟೆ ಎಷ್ಟು ಬೇಗ ಕರಗುತ್ತದೆ ಎಂಬುದನ್ನು ಶನಿವಾರ ಮಧ್ಯಾಹ್ನ ತಪ್ಪು ಕಂಡುಕೊಂಡವರನ್ನು ಕೇಳಬೇಕು.

ಮೇಲ್‌ಗೆ ಉತ್ತರವೇ ಬಾರದಿದ್ದರೆ? ಎರಡು ದಿನ ಬಿಟ್ಟು ಅದೇ ಮೇಲ್‌ನ ಕೆಳಗೆ ಬರೆಯುವುದು ಒಳ್ಳೆಯದು, ಹೊಸ ಮೇಲ್ ಶುರು ಮಾಡಿದರೆ ಹಳೆಯ ವಿವರ ಕಳೆದುಹೋಗುತ್ತದೆ. "ಸರ್, ಸೋಮವಾರದ ಲೋಡ್ ನಾಲ್ಕು ಇವೆ, ಐಡಿ ಇನ್ನೂ ಆಗಿಲ್ಲ. ಈ ವಾರ ಭಾಗ-ಎ ಓನರ್ ಸರ್ ಕಡೆಯಿಂದಲೇ ಮಾಡಿಸಲೇ?" ಎಂಬಷ್ಟು ಸಾಕು. ಇದನ್ನು ನೇರವಾಗಿ ಮಾಲೀಕರಿಗೇ ಬರೆದುಬಿಡುವ ಆಸೆ ಬರುತ್ತದೆ. ಹತ್ತು ಜನರ ಆಫೀಸಿನಲ್ಲಿ ಅದು ನಡೆದೀತು, ಆದರೆ ಮ್ಯಾನೇಜರ್‌ನ ಹೆಸರನ್ನು ಪ್ರತಿಯಲ್ಲಿ ಇಟ್ಟೇ ಬರೆಯಬೇಕು. ತನ್ನ ತಲೆ ಮೇಲಿಂದ ಹೋದ ಮೇಲ್ ಮ್ಯಾನೇಜರ್‌ಗೆ ಮರೆಯುವುದಿಲ್ಲ, ಐಡಿ ಸಿಕ್ಕ ಮೇಲೂ. ಬಾಯಿಮಾತಿನಲ್ಲಿ "ಸರಿ ಮಾಡಿಸ್ತೀನಿ" ಎಂದಿದ್ದರೆ ಅದನ್ನೂ ಎರಡು ಸಾಲಿನಲ್ಲಿ ಮೇಲ್ ಹಾಕಿಡಬೇಕು. ಸೋಮವಾರ ಗಾಡಿ ನಿಂತಾಗ ಯಾರು ಯಾವಾಗ ಏನು ಹೇಳಿದರು ಎಂಬ ನೆನಪು ಎಲ್ಲರಲ್ಲೂ ಬೇರೆ ಬೇರೆ ಇರುತ್ತದೆ.

ಆರು ತಿಂಗಳ ನಂತರ ಸಹಾಯಕಿ ಸ್ಟೋರ್ಸ್‌ಗೆ ಬದಲಾದರೆ ಇನ್ನೊಂದು ಮೇಲ್ ಬೇಕು, ಅದನ್ನು ಯಾರೂ ಬರೆಯುವುದಿಲ್ಲ. ತನಗೆ ಇದ್ದ ಅಧಿಕಾರ ತೆಗೆದುಬಿಡಿ ಎಂದು ಕೇಳುವುದು ವಿಚಿತ್ರ ಅನಿಸುತ್ತದೆ. ಆದರೆ ಆ ಐಡಿಯಲ್ಲಿ ಮುಂದೆ ನಡೆಯುವುದಕ್ಕೆ ಮೊದಲು ಪ್ರಶ್ನೆ ಬರುವುದು ಆ ಹೆಸರಿನವರಿಗೇ. ಹೊಸಬರಿಗೆ ಐಡಿ ಕೇಳುವ ಮೇಲ್‌ನಲ್ಲೇ "ನನ್ನ ಹಳೆಯ ಐಡಿಯನ್ನು `Freeze Sub-User` ಮೂಲಕ ನಿಲ್ಲಿಸಿ" ಎಂದು ಒಂದು ಸಾಲು ಸೇರಿಸಿದರೆ ಎರಡೂ ಒಟ್ಟಿಗೆ ಮುಗಿಯುತ್ತದೆ. ಆಫೀಸಿನ ಆ ಮೊಬೈಲ್ ಅನ್ನು ಹೊಸಬರಿಗೆ ಕೊಡುವ ಮುಂಚೆಯೇ ಇದು ಆಗಬೇಕು. ಇಲ್ಲದಿದ್ದರೆ ಹಳೆಯ ಐಡಿಯ ಒಟಿಪಿ ಹೊಸಬರ ಕೈಗೆ ಬರುತ್ತದೆ.

ಎಲ್ಲ ಕೋರಿಕೆಗಳಿಗೂ ಐಡಿಯೇ ಉತ್ತರವಲ್ಲ ಎಂಬುದನ್ನೂ ಹೇಳಬೇಕು. ಅದೇ ಆಫೀಸಿನ ಅಕೌಂಟ್ಸ್ ಹುಡುಗನಿಗೆ ಖರೀದಿ ಬಿಲ್ಲುಗಳನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡುವ ಕೆಲಸ ಕೊಟ್ಟಿದ್ದಾರೆ ಎನ್ನೋಣ. 2ಬಿ ಎಂದರೆ, ನಮಗೆ ಮಾರಿದವರು ತೋರಿಸಿದ ಬಿಲ್ಲುಗಳ ಪ್ರಕಾರ ನಮಗೆ ಎಷ್ಟು ತೆರಿಗೆ ಜಮೆ ಸಿಗುತ್ತದೆ ಎಂಬ ಪಟ್ಟಿ. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರಿಗೆ ಅದು ಸಾಮಾನ್ಯವಾಗಿ 14ನೇ ತಾರೀಖು ಬರುತ್ತದೆ, 3ಬಿ ರಿಟರ್ನ್‌ನ ಗಡುವು 20. ಮಧ್ಯೆ ಇರುವುದು ಒಂದು ವಾರಕ್ಕೂ ಕಡಿಮೆ. ಅವನೂ "ಸರ್, ಜಿಎಸ್‌ಟಿ ಪೋರ್ಟಲ್ ಪಾಸ್‌ವರ್ಡ್ ಬೇಕು" ಎಂದೇ ಬರೆಯುತ್ತಾನೆ. ಅದು ರಿಟರ್ನ್ ಸಲ್ಲಿಸುವ, ತೆರಿಗೆ ಕಟ್ಟುವ, ನೋಂದಣಿ ವಿವರ ಬದಲಿಸುವ ಜಾಗ. ಅವನ ಕೆಲಸಕ್ಕೆ ಅದ್ಯಾವುದೂ ಬೇಡ, ಬೇಕಾದದ್ದು ಒಂದು ಎಕ್ಸೆಲ್ ಕಡತ. "ಸರ್, ಪ್ರತಿ ತಿಂಗಳು 14ರ ಸಂಜೆ ಅಥವಾ 15ರ ಬೆಳಿಗ್ಗೆ 2ಬಿಯ ಎಕ್ಸೆಲ್ ಡೌನ್‌ಲೋಡ್ ಮಾಡಿ ಈ ಮೇಲ್‌ಗೆ ಕಳಿಸಿದರೆ 18ರೊಳಗೆ ತಾಳೆ ನೋಡಿ, ಹೊಂದದ ಬಿಲ್ಲುಗಳ ಪಟ್ಟಿ ಕೊಡುತ್ತೇನೆ" ಎಂದು ಬರೆದರೆ ಆಡಿಟರ್ ಆಫೀಸಿನವರೇ ಅದನ್ನು ಕಳಿಸಿಬಿಡುತ್ತಾರೆ. ಮಾಲೀಕರ ಒಪ್ಪಿಗೆಗೂ ಹೆಚ್ಚು ಹೊತ್ತು ಹಿಡಿಯುವುದಿಲ್ಲ, ಏಕೆಂದರೆ ಇಲ್ಲಿ ಯಾವ ಪಾಸ್‌ವರ್ಡೂ ಕೈ ಬದಲಾಗುವುದಿಲ್ಲ.